ಒಂಬತ್ತು ಕೈ, ಒಂದು ಮೇಜು

ಮಕ್ಕಳ ಹುಟ್ಟುಹಬ್ಬಕ್ಕೆ ನೆಂಟರೆಲ್ಲ ಬೇರೆಬೇರೆಯಾಗಿ ಕೊಡುವ ದುಡ್ಡನ್ನು ಒಟ್ಟು ಸೇರಿಸಿದರೆ ಒಂದು ಒಳ್ಳೆಯ ವಸ್ತು ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಹೆಚ್ಚಿನ ಮನೆಗಳಲ್ಲಿ ಅದು ಮಾತಿನಲ್ಲೇ ಉಳಿಯುತ್ತದೆ. "ಮುಂದಿನ ವರ್ಷ ಹಾಗೆ ಮಾಡುವ" ಎನ್ನುತ್ತೇವೆ. ಮುಂದಿನ ವರ್ಷ ಮತ್ತೆ ಮೂರು ಕಲರ್ ಬಾಕ್ಸ್, ಎರಡು ಪೆನ್ಸಿಲ್ ಡಬ್ಬಿ, ಮೈಗೆ ಆಗದ ಫ್ರಾಕು. ನಮ್ಮ ಊರಿನ ಮಳೆಗಾಲ ಮುಗಿಯುವಾಗ ಅದರಲ್ಲಿ ಅರ್ಧಕ್ಕೆ ಬೂಷ್ಟು ಹಿಡಿದಿರುತ್ತದೆ.

ಮಾತಿನಲ್ಲೇ ಉಳಿಯುವುದಕ್ಕೆ ಕಾರಣ ದುಡ್ಡು ಅಲ್ಲ ಅಂತ ನನಗೆ ಈಗ ಖಾತ್ರಿಯಾಗಿದೆ. ಯಾರು ಕೇಳುವುದು, ಎಷ್ಟು ಕೇಳುವುದು, ಯಾರು ಎಷ್ಟು ಕೊಟ್ಟರೆಂದು ಯಾರಿಗೆ ತಿಳಿಯಬೇಕು, ಇವನ್ನು ಯಾರೂ ಮೊದಲೇ ಯೋಚಿಸಿರುವುದಿಲ್ಲ. ಅಕ್ಕನ ಮಗಳಿಗೆ ಒಂಬತ್ತು ತುಂಬಿದಾಗ ನಾವು ಉಡುಪಿಯಲ್ಲಿ ಒಂದು ಓದುವ ಮೇಜು ಮಾಡಿಸಿದೆವು. ದುಡ್ಡು ಒಟ್ಟು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೇಜಿನ ಬಗ್ಗೆಯೂ, ದುಡ್ಡಿನ ಬಗ್ಗೆಯೂ.

ಮೊದಲು ದುಡ್ಡು. ಸಾಮಾನ್ಯವಾಗಿ ನಾವು ಮಾಡುವುದು ಏನು? ಒಂದು ವಸ್ತು ನೋಡುತ್ತೇವೆ, ಅದರ ಬೆಲೆಯನ್ನು ಇರುವ ಜನರಿಂದ ಭಾಗಿಸುತ್ತೇವೆ, ತಲೆಗೆ ಇಷ್ಟು ಅಂತ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇವೆ. ಇದು ನ್ಯಾಯದ ಹಾಗೆ ಕಾಣುತ್ತದೆ, ಆದರೆ ನ್ಯಾಯ ಅಲ್ಲ. ನಮ್ಮ ಲೆಕ್ಕದಲ್ಲಿ ಒಂಬತ್ತು ಮಂದಿ ಇದ್ದರು. ಅದರಲ್ಲಿ ಒಬ್ಬರು ದುಬೈಯಲ್ಲಿರುವ ಮಾವ. ಒಬ್ಬರು ಪಿಂಚಣಿಯಲ್ಲಿ ಬದುಕುವ ಅಜ್ಜನ ತಂಗಿ. ಒಬ್ಬ ಮಂಗಳೂರಲ್ಲಿ ಹಾಸ್ಟೆಲಿನಲ್ಲಿ ಓದುವ ಹುಡುಗ. ಇಪ್ಪತ್ತನಾಲ್ಕು ಸಾವಿರವನ್ನು ಒಂಬತ್ತರಿಂದ ಭಾಗಿಸಿದರೆ ತಲೆಗೆ ₹2,667 ಬರುತ್ತದೆ. ಮಾವನಿಗೆ ಅದು ಏನೂ ಅಲ್ಲ. ಹಾಸ್ಟೆಲಿನ ಹುಡುಗನಿಗೆ ಅದು ಒಂದು ತಿಂಗಳ ಕೈಖರ್ಚು. ಅವನು ಇಲ್ಲ ಅನ್ನುವುದಿಲ್ಲ. ಸಾಲ ಮಾಡಿ ಕೊಡುತ್ತಾನೆ.

ಹಾಗಾಗಿ ಉಲ್ಟಾ ದಾರಿ ಹಿಡಿದೆ. ವಸ್ತು ಯಾವುದು ಅಂತ ನಿರ್ಧಾರ ಆಗುವ ಮೊದಲೇ ಒಬ್ಬೊಬ್ಬರಿಗೂ ಬೇರೆಬೇರೆ ಫೋನ್ ಮಾಡಿದೆ. ಗುಂಪಿನಲ್ಲಿ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಈ ಸಲ ಎಲ್ಲರೂ ಸೇರಿ ಒಂದೇ ವಸ್ತು ಕೊಡುವ ಅಂತ. ಪ್ರತಿ ವರ್ಷ ಪುಟ್ಟಿಗೆ ಎಷ್ಟರದ್ದು ತರ್ತೀರೋ ಅಷ್ಟೇ ಸಾಕು. ಎಷ್ಟು ಅಂತ ನನಗೆ ಮಾತ್ರ ಹೇಳಿ." ಪ್ರತಿ ವರ್ಷ ತರುವಷ್ಟೇ ಎಂದು ಹೇಳಿದ್ದರಿಂದ ಯಾರಿಗೂ ಹೊರೆ ಅನ್ನಿಸಲಿಲ್ಲ. ಕೆಲವರು ತಾವಾಗಿಯೇ ಜಾಸ್ತಿ ಹೇಳಿದರು. ಐನೂರರಿಂದ ಐದು ಸಾವಿರದವರೆಗೆ ಬಂತು. ಯಾರು ಎಷ್ಟು ಅಂತ ಇಲ್ಲಿಯೂ ಬರೆಯುವುದಿಲ್ಲ. ಕೂಡಿಸಿದರೆ ಇಪ್ಪತ್ತನಾಲ್ಕು ಸಾವಿರ. ಆ ಮೊತ್ತದೊಳಗೆ ಏನು ಬರುತ್ತದೆ ಅಂತ ಆಮೇಲೆ ನೋಡಿದ್ದು.

ಗುಂಪಿನಲ್ಲಿ ಯಾಕೆ ಕೇಳಬಾರದು ಅಂದರೆ, ನಮ್ಮ ಕುಟುಂಬದಲ್ಲೇ ಹಿಂದೊಮ್ಮೆ ಒಂದು ಮದುವೆಗೆ ಹಾಗೆ ಆಗಿತ್ತು. ಯಾರೋ ಹೆಸರಿನ ಪಟ್ಟಿ ಹಾಕಿ, ಎದುರಿಗೆ ಮೊತ್ತ ಬರೆಯಿರಿ ಅಂದರು. ಮೊದಲು ಬರೆದವರು ದೊಡ್ಡ ಮೊತ್ತ ಬರೆದರು. ಕೆಳಗಿನವರೆಲ್ಲ ಅದನ್ನು ನೋಡಿ ಬರೆದರು. ಒಬ್ಬರು ಚಿಕ್ಕಮ್ಮ ಏನೂ ಬರೆಯಲಿಲ್ಲ, ಆಮೇಲೆ ಮದುವೆಗೂ ಬರಲಿಲ್ಲ. ಕಾಲುನೋವು ಅಂತ ಹೇಳಿ ಕಳಿಸಿದರು. ದುಡ್ಡು ಒಟ್ಟು ಮಾಡುವಾಗ ಒಬ್ಬರ ಮರ್ಯಾದೆ ಹೋಗುವುದಾದರೆ ಆ ಉಡುಗೊರೆ ಬೇಡವೇ ಬೇಡ.

ಎರಡನೆಯದು ಮುಯ್ಯಿಯ ಪ್ರಶ್ನೆ. ನಮ್ಮಲ್ಲಿ ಕೊಟ್ಟದ್ದನ್ನು ನೆನಪಿಟ್ಟುಕೊಂಡು ತಿರುಗಿ ಕೊಡುವ ಪದ್ಧತಿ ಇದೆ. ಮದುವೆ ಮನೆಯಲ್ಲಿ ಪುಸ್ತಕ ಹಿಡಿದು ಹೆಸರು, ಮೊತ್ತ ಬರೆದುಕೊಳ್ಳಲು ಒಬ್ಬರನ್ನು ಕೂರಿಸುತ್ತಾರಲ್ವಾ, ಅದಕ್ಕೇ. ಅಕ್ಕನಿಗೂ ಅದೇ ಚಿಂತೆ. "ಯಾರು ಎಷ್ಟು ಹಾಕಿದ್ದಾರೆ ಹೇಳು ಮಾರಾಯ್ತಿ, ನಾಳೆ ಅವರ ಮನೆಯ ಕಾರ್ಯಕ್ರಮಕ್ಕೆ ನಾನು ಎಂತ ಕೊಡುವುದು?" ಅಂತ ಕೇಳಿದಳು. ಇದು ದುರಾಸೆಯ ಪ್ರಶ್ನೆ ಅಲ್ಲ, ಮರ್ಯಾದೆಯ ಪ್ರಶ್ನೆ. ಇದಕ್ಕೆ ಉತ್ತರ ಇಲ್ಲದೆ ಒಟ್ಟು ಉಡುಗೊರೆ ನಡೆಯುವುದಿಲ್ಲ. ಕಡಿಮೆ ಕೊಟ್ಟವರಿಗೆ ಕಡಿಮೆ, ಹೆಚ್ಚು ಕೊಟ್ಟವರಿಗೆ ಹೆಚ್ಚು ಅಂತ ತಿರುಗಿಸಲು ಹೊರಟರೆ ನಾನು ಗುಟ್ಟು ಕಾಪಾಡಿದ್ದೂ ವ್ಯರ್ಥ.

ಅಜ್ಜಿಯೇ ಇದಕ್ಕೊಂದು ದಾರಿ ಹೇಳಿದರು. ಅಕ್ಕನಿಗೆ ಹೆಸರುಗಳನ್ನು ಮಾತ್ರ ಕೊಡುವುದು. ಈ ಒಂಬತ್ತು ಮಂದಿಯಲ್ಲಿ ಯಾರ ಮನೆಯ ಮಗುವಿಗೆ ಒಟ್ಟು ಉಡುಗೊರೆ ಕೊಡುವಾಗಲೂ ಅಕ್ಕ ತನಗೆ ಆಗುವಷ್ಟು ಹಾಕುವುದು. ಅಂದರೆ ತಿರುಗಿ ಕೊಡುವುದು ಜನರಿಗೆ ಅಲ್ಲ, ಆ ಒಟ್ಟು ಉಡುಗೊರೆಗೆ. ಮಕ್ಕಳಿಲ್ಲದವರ ಕತೆ ಏನು ಅಂತ ನಾನು ಕೇಳಿದೆ. ಅಜ್ಜನ ತಂಗಿಗೆ ಮಕ್ಕಳಿಲ್ಲ. ಅದಕ್ಕೆ ಅಜ್ಜಿ, "ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಯಾರು ಈಗ? ನಿನ್ನ ಅಕ್ಕನೇ ಅಲ್ವಾ?" ಅಂದರು. ಅಷ್ಟಕ್ಕೆ ಆ ಮಾತು ಮುಗಿಯಿತು.

ಅಪ್ಪನ ಕಡೆಯವರನ್ನು ಮರೆಯಬಾರದು. ತಾಯಿಯ ಕಡೆಯವರೇ ಸೇರಿಕೊಂಡು ದೊಡ್ಡ ಉಡುಗೊರೆ ತಂದು ನಿಲ್ಲಿಸಿದರೆ ಇನ್ನೊಂದು ಕಡೆಯವರು ತಂದದ್ದು ಅದರ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ಭಾವನ ಅಕ್ಕನಿಗೆ ಎಲ್ಲರಿಗಿಂತ ಮೊದಲು ಫೋನ್ ಮಾಡಿದೆ. ಪುಟ್ಟಿಗೆ ಅವರು ಅತ್ತೆ. ಮೇಜಿನ ಯೋಚನೆ ಬಂದದ್ದೂ ಅವರಿಂದಲೇ. "ಅವಳು ಊಟದ ಟೇಬಲಿನಲ್ಲಿ ಬರೆಯುತ್ತಾಳೆ, ಗಲ್ಲ ಟೇಬಲಿಗೆ ತಾಗುತ್ತದೆ, ನೋಡಿದ್ದೀರಾ?" ಅಂತ ಕೇಳಿದರು. ಹೌದು, ನಾವೆಲ್ಲ ನೋಡಿದ್ದೆವು.

ಇನ್ನು ಮೇಜಿಗೆ ಬರುತ್ತೇನೆ. ಬಹುಕಾಲ ಬರಬೇಕಾದ ವಸ್ತುವನ್ನು ಬೆಳೆಯುವ ಮಗುವಿಗೆ ಕೊಡುವಾಗ ಒಂದು ತೊಡಕು ಇದೆ. ಇವತ್ತಿನ ಅಳತೆಗೆ ಮಾಡಿಸಿದರೆ ಮೂರು ವರ್ಷದಲ್ಲಿ ಸಾಲದು. ದೊಡ್ಡವರ ಅಳತೆಗೆ ಮಾಡಿಸಿದರೆ ಇವತ್ತು ಪ್ರಯೋಜನ ಇಲ್ಲ. ಸೈಕಲ್ ಬೇಡ ಎಂದುಕೊಂಡದ್ದು ಇದಕ್ಕೇ. ಒಂಬತ್ತು ವರ್ಷದ ಮಗುವಿಗೆ ಇಪ್ಪತ್ತು ಇಂಚಿನ ಚಕ್ರದ್ದು ಸರಿಯಾಗುತ್ತದೆ, ಹನ್ನೆರಡಕ್ಕೆ ಬರುವಾಗ ಅದು ಚಿಕ್ಕದು. ಮೇಜಿನಲ್ಲಿ ಈ ತೊಡಕಿಗೆ ಪರಿಹಾರ ಇದೆ. ಮೇಜನ್ನು ದೊಡ್ಡವರ ಎತ್ತರಕ್ಕೆ ಮಾಡಿ, ಕುರ್ಚಿಯನ್ನು ಮಗುವಿಗೆ ಹೊಂದಿಸಬಹುದು.

ಇದನ್ನು ಹೇಳಿಕೊಟ್ಟದ್ದು ಮರದ ಕೆಲಸದ ಆಚಾರ್ರು. ಅಳತೆ ತೆಗೆಯಲು ಅಜ್ಜಿಯ ಮನೆಗೇ ಬಂದರು. ಪುಟ್ಟಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಅವಳ ಅಡಿಗೆ ಹಳೆಯ ಪೇಪರಿನ ಕಟ್ಟುಗಳನ್ನು ಒಂದೊಂದಾಗಿ ತುರುಕಿದರು. ಕೈ ಇಳಿಬಿಟ್ಟು ಮೊಣಕೈ ಮಡಚಲು ಹೇಳಿದರು. ಮೊಣಕೈ ಮೇಜಿನ ಹಲಗೆಯ ಮಟ್ಟಕ್ಕೆ ಬರುವವರೆಗೂ ಪೇಪರ್ ಸೇರಿಸುತ್ತಾ ಹೋದರು. ಹೆಗಲು ಮೇಲೆ ಎದ್ದಿದೆಯಾ ಅಂತ ಹಿಂದಿನಿಂದ ನೋಡಿದರು. ಆಮೇಲೆ ಅವಳ ನೇತಾಡುವ ಕಾಲಿನ ಕೆಳಗೆ ಅಜ್ಜಿಯ ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟು, ಪಾದ ಪೂರ್ತಿ ಊರುತ್ತದಾ ಅಂತ ಕೇಳಿದರು. ಅವಳು ಊರುತ್ತದೆ ಅಂದಳು. ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಒಂದು ಸಿಗರೇಟು ಪ್ಯಾಕಿನ ಹಿಂದೆ ಮೂರು ಸಂಖ್ಯೆ ಬರೆದುಕೊಂಡರು.

ಮೇಜಿನ ಎತ್ತರ 29 ಇಂಚು. ಕುರ್ಚಿಯ ಆಸನ ನೆಲದಿಂದ 19½ ಇಂಚು. ಕಾಲಿಡುವ ಮಣೆ 5½ ಇಂಚು. ದೊಡ್ಡವರ ಕುರ್ಚಿಗಿಂತ ಈ ಆಸನ ಸುಮಾರು ಎರಡು ಇಂಚು ಎತ್ತರ. ಅವಳು ಬೆಳೆದ ಹಾಗೆ ಮೊಣಕೈ ಮೇಲೆ ಹೋಗುತ್ತದೆ, ಕಾಲೂ ಉದ್ದವಾಗುತ್ತದೆ. ಆಗ ಮೊದಲು ಮಣೆಯನ್ನು ತಗ್ಗಿಸಬೇಕು, ಆಮೇಲೆ ಕುರ್ಚಿಯ ಕಾಲನ್ನು ಕೊಯ್ಯಬೇಕು. ಒಮ್ಮೆಗೇ ಎರಡಿಂಚು ಬೇಡ, ಸ್ವಲ್ಪ ಸ್ವಲ್ಪವೇ. ಮರದ ಕಾಲನ್ನು ಕೊಯ್ಯುವುದು ಅರ್ಧ ಗಂಟೆಯ ಕೆಲಸ. ಉದ್ದ ಮಾಡುವುದು ಆಗುವುದಿಲ್ಲ. ಅದಕ್ಕೇ ಮೊದಲು ಉದ್ದ ಬಿಡುವುದು. ಆಸನದ ಆಳವನ್ನು ಮಾತ್ರ ಮಗುವಿನ ತೊಡೆಗೆ ಸರಿಯಾಗಿ ಹದಿನಾಲ್ಕು ಇಂಚಿಗೆ ನಿಲ್ಲಿಸಿದರು. ಆಳ ಜಾಸ್ತಿಯಾದರೆ ಬೆನ್ನು ಒರಗಿಗೆ ತಾಗುವುದಿಲ್ಲ, ಮಗು ಮುಂದಕ್ಕೆ ಜಾರಿ ಕೂರುತ್ತದೆ.

ಮರ ಯಾವುದು ಎಂಬುದರಲ್ಲಿ ಸ್ವಲ್ಪ ಜಗ್ಗಾಟ ಆಯಿತು. ಪುಡಿ ಒತ್ತಿ ಮಾಡಿದ ಹಲಗೆಯ ರೆಡಿಮೇಡ್ ಮೇಜು ಅರ್ಧ ಬೆಲೆಗೆ ಸಿಗುತ್ತಿತ್ತು, ನೋಡಲು ಚೆಂದವೂ ಇತ್ತು. ಆದರೆ ಇಲ್ಲಿಯ ಮಳೆಗೆ ಅದು ತಡೆಯುವುದಿಲ್ಲ. ಅಂಚಿಗೆ ಅಂಟಿಸಿದ ಪಟ್ಟಿ ಒಂದು ಕಡೆ ಎದ್ದರೆ ಸಾಕು, ಒಳಗಿನ ಪುಡಿ ನೀರು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಸ್ಕ್ರೂ ಹಿಡಿಯುವುದಿಲ್ಲ. ಅದರ ಕಾಲು ಅಲ್ಲಾಡಲು ಶುರುವಾದರೆ ಯಾವ ಆಚಾರ್ರೂ ಅದನ್ನು ಸರಿ ಮಾಡಿಕೊಡುವುದಿಲ್ಲ. ಸಾಗುವಾನಿ ನಮ್ಮ ಮೊತ್ತದೊಳಗೆ ಬರಲಿಲ್ಲ. ಉಳಿದದ್ದು ಹಲಸು. ಕರಾವಳಿಯ ಹಳೆಯ ಮನೆಗಳಲ್ಲಿ ಬಾಗಿಲು, ತೊಲೆ, ಪೆಟ್ಟಿಗೆ ಎಲ್ಲದರಲ್ಲೂ ಇರುವುದು ಹೆಚ್ಚಾಗಿ ಅದೇ.

ಹಲಸಿನ ಮರದಲ್ಲಿ ನೋಡಬೇಕಾದ್ದು ಎರಡು. ಒಂದು, ನಡುವಿನ ಹಳದಿ ತಿರುಳು ಮಾತ್ರ ಬೇಕು. ಹೊರಸುತ್ತಿನ ಬಿಳಿ ಭಾಗ ಸೇರಿದ್ದರೆ ಅದಕ್ಕೆ ಹುಳ ಬೀಳುತ್ತದೆ. ಮೇಜಿನ ಕೆಳಗೆ ನೆಲದಲ್ಲಿ ಹಿಟ್ಟಿನಂಥ ಪುಡಿ ಬಿದ್ದರೆ, ಗುಂಡುಸೂಜಿಯ ತಲೆಯಷ್ಟು ತೂತು ಕಂಡರೆ ಹುಳ ಒಳಗಿದೆ ಅಂತ ಅರ್ಥ. ಎರಡು, ಮರ ಒಣಗಿರಬೇಕು. ಹಲಗೆ ಒಂದಿಂಚು ದಪ್ಪ ಇದ್ದರೆ ನೆರಳಿನಲ್ಲಿ ಗಾಳಿಗೆ ಒಣಗಲು ಒಂದು ವರ್ಷದ ಹತ್ತಿರ ಬೇಕು ಅನ್ನುತ್ತಾರೆ. ಹಸಿ ಮರದಲ್ಲಿ ಮಾಡಿದ ಮೇಜು ಮೊದಲ ಬೇಸಿಗೆಗೇ ಬಿರುಕು ಬಿಡುತ್ತದೆ. ಒಣಗಿದೆಯಾ ಅಂತ ತಿಳಿಯಲು ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎರಡು ವಾರ ಮನೆಯೊಳಗೆ ಇಟ್ಟು ಮತ್ತೆ ತೂಗಬಹುದು. ತೂಕ ಇಳಿಯುತ್ತಲೇ ಇದ್ದರೆ ಇನ್ನೂ ನೀರಿದೆ.

ಆಚಾರ್ರು ಇದಕ್ಕಿಂತ ಸುಲಭದ ದಾರಿ ಹೇಳಿದರು. ಕೆಡವಿದ ಹಳೆಯ ಮನೆಯ ಮರ. ನಮ್ಮ ಕಡೆ ಹಂಚಿನ ಮನೆ ಕೆಡವಿ ಟೆರೇಸ್ ಮನೆ ಕಟ್ಟುವವರು ಜಾಸ್ತಿ, ಹಾಗಾಗಿ ಇಂಥ ಮರ ಮಾರುವವರೂ ಇದ್ದಾರೆ. ದಶಕಗಟ್ಟಲೆ ಸೂರಿನ ಕೆಳಗೆ ಇದ್ದ ಮರ. ಅದಕ್ಕಿಂತ ಚೆನ್ನಾಗಿ ಒಣಗಿದ್ದು ಎಲ್ಲಿ ಸಿಕ್ಕೀತು? ಹೊಸದಕ್ಕಿಂತ ಕಡಿಮೆ ಬೆಲೆಯೂ ಹೌದು. ಕಷ್ಟ ಒಂದೇ, ಒಳಗೆ ಮೊಳೆ ಉಳಿದಿರುತ್ತದೆ. ಮೆಶಿನಿಗೆ ಕೊಡುವ ಮೊದಲು ಒಂದು ಅಯಸ್ಕಾಂತ ಹಿಡಿದು ಉದ್ದಕ್ಕೂ ಎಳೆದು ನೋಡುತ್ತಾರೆ. ನಾನು ಹೋದ ದಿನ ಕಪ್ಪಾಗಿದ್ದ ಒಂದು ತೊಲೆಯನ್ನು ಕೀಸುತ್ತಿದ್ದರು. ಮೊದಲ ಸಿಪ್ಪೆ ಮಸಿಯ ಹಾಗೆ ಬಂತು, ಎರಡನೆಯದು ಕಂದು, ಮೂರನೆಯದಕ್ಕೆ ಒಳಗಿನ ಹಳದಿ ಕಾಣಿಸಿತು. ಹೊಸ ಮರದಷ್ಟು ಹಳದಿ ಅಲ್ಲ. ಜೇನಿನ ಬಣ್ಣ.

ಮೇಜಿನ ಹಲಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪ. ಎರಡಡಿ ಅಗಲ ಒಂದೇ ಹಲಗೆಯಲ್ಲಿ ಬರುವುದಿಲ್ಲ, ಮೂರು ತುಂಡು ಜೋಡಿಸಬೇಕು. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ. ಎರಡಡಿ ಅಗಲದಲ್ಲಿ ಕೆಲವು ಮಿಲಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದುಬಿಟ್ಟರೆ ಅದಕ್ಕೆ ಅಲ್ಲಾಡಲು ಜಾಗ ಇಲ್ಲದೆ ನಡುವೆ ಸೀಳುತ್ತದೆ. ಅದಕ್ಕೆ ಸ್ಕ್ರೂವಿನ ತೂತನ್ನು ಗುಂಡಗೆ ಕೊರೆಯದೆ ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದರು. ಸ್ಕ್ರೂ ಆ ಉದ್ದ ತೂತಿನೊಳಗೆ ಹಿಂದೆ ಮುಂದೆ ಜರುಗುತ್ತದೆ, ಹಲಗೆಗೆ ಪೆಟ್ಟಿಲ್ಲ. ಡ್ರಾಯರ್ ಕೂಡ ಹಾಗೆಯೇ. ಏಪ್ರಿಲಿನಲ್ಲಿ ಸ್ವಲ್ಪ ಸಡಿಲ ಅನ್ನಿಸಬೇಕು. ಆಗ ಅಚ್ಚುಕಟ್ಟಾಗಿ ಕೂತರೆ ಜುಲೈಯಲ್ಲಿ ಎಳೆದರೂ ಬರುವುದಿಲ್ಲ.

ಅಕ್ಕ ಇರುವುದು ಬಾಡಿಗೆ ಫ್ಲ್ಯಾಟಿನಲ್ಲಿ. ಮೆಟ್ಟಿಲಿನ ತಿರುವಿನಲ್ಲಿ ನಾಲ್ಕಡಿಯ ಮೇಜು ತಿರುಗುತ್ತದಾ ಅಂತ ಮೊದಲೇ ಅಳೆದೆವು. ತಿರುಗುತ್ತಿರಲಿಲ್ಲ. ಕಾಲುಗಳನ್ನು ಬೋಲ್ಟಿನಲ್ಲಿ ಕೂರಿಸಿದ್ದು ಅದಕ್ಕೆ. ಬಿಚ್ಚಿದರೆ ಹಲಗೆ ಬೇರೆ, ಕಾಲು ಬೇರೆ. ಮನೆ ಬದಲಿಸುವಾಗಲೂ ಸುಲಭ. ದೊಡ್ಡ ವಸ್ತು ಕೊಡುವಾಗ ಅದು ಇರುವ ಮನೆಯವರನ್ನು ಕೇಳದೆ ಆಶ್ಚರ್ಯ ಮಾಡಲು ಹೋಗಬಾರದು. ಜಾಗ ಅವರದ್ದು, ಗುಡಿಸಿ ಒರೆಸುವುದೂ ಅವರೇ.

ಪಾಲಿಶ್ ಮಳೆಗೆ ಮೊದಲು ಆಗಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ಪಿರಿಟ್ ಪಾಲಿಶ್ ಒಣಗುವಾಗ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಪುಟ್ಟಿಯ ಹುಟ್ಟುಹಬ್ಬ ಮೇಯಲ್ಲಿ, ಶಾಲೆ ಶುರುವಾಗುವ ಮೊದಲು. ಹಿಂದಕ್ಕೆ ಲೆಕ್ಕ ಹಾಕಿದರೆ ಮರ ಫೆಬ್ರವರಿಯಲ್ಲಿ ಬರಬೇಕು, ದುಡ್ಡು ಜನವರಿಯಲ್ಲಿ ಕೈಗೆ ಸಿಗಬೇಕು. ದೀಪಾವಳಿಗೇ ಫೋನ್ ಮಾಡಲು ಶುರು ಮಾಡಿದ್ದು ಹಾಗಾಗಿ ಒಳ್ಳೆಯದಾಯಿತು. ಪೂರ್ತಿ ಮೊತ್ತ ಬಂದ ಮೇಲೆಯೇ ಆಚಾರ್ರಿಗೆ ಮುಂಗಡ ಕೊಟ್ಟೆ. "ನೀನು ಕೊಟ್ಟಿರು, ಆಮೇಲೆ ಕೊಡ್ತೇನೆ" ಅಂದವರಿಗೆ ನಯವಾಗಿಯೇ ಆಗುವುದಿಲ್ಲ ಅಂದೆ. ಕೈಯಿಂದ ಹಾಕಿದವರು ಆಮೇಲೆ ನೆನಪಿಸಬೇಕಾಗುತ್ತದೆ, ನೆನಪಿಸಿದರೆ ಸಾಲ ವಸೂಲಿ ಆಗುತ್ತದೆ. ಆಗ ಉಡುಗೊರೆಯ ಸಂತೋಷ ಎಲ್ಲಿ ಉಳಿಯಿತು?

ಖರ್ಚು ಹೀಗೆ ಆಯಿತು. ಮರಕ್ಕೆ ಎಂಟು ಸಾವಿರ, ಆಚಾರ್ರ ಕೂಲಿ ಹತ್ತು ಸಾವಿರ, ಪಾಲಿಶ್, ಬೋಲ್ಟು, ಬೀಗ ಸೇರಿ ಮೂರೂವರೆ ಸಾವಿರ, ಟೆಂಪೋಗೆ ಒಂದು ಸಾವಿರ. ಒಟ್ಟು ಇಪ್ಪತ್ತೆರಡೂವರೆ ಸಾವಿರ. ಬಿಲ್ಲುಗಳ ಫೋಟೋ ಎಲ್ಲರಿಗೂ ಕಳಿಸಿದೆ. ಯಾರು ಎಷ್ಟು ಕೊಟ್ಟರು ಎಂಬುದು ಗುಟ್ಟು, ಆದರೆ ದುಡ್ಡು ಎಲ್ಲಿ ಹೋಯಿತು ಎಂಬುದು ಗುಟ್ಟಾಗಬಾರದು. ಉಳಿದ ಒಂದೂವರೆ ಸಾವಿರವನ್ನು ಮುಂದೆ ಕುರ್ಚಿಯ ಕಾಲು ಕೊಯ್ಯಲು, ಪಾಲಿಶ್ ಮತ್ತೊಮ್ಮೆ ಹಾಕಿಸಲು ಇಟ್ಟಿದ್ದೇವೆ. ಹೀಗೆ ಅಂತ ಮೊದಲೇ ಹೇಳಿದ್ದೆ. ಉಳಿದ ದುಡ್ಡಿನ ಮಾತನ್ನು ಕೊನೆಗೆ ಎತ್ತಿದರೆ ಒಬ್ಬೊಬ್ಬರದ್ದು ಒಂದೊಂದು ಸಲಹೆ ಬರುತ್ತದೆ.

ಮಧ್ಯೆ ಮುಂಬೈಯಲ್ಲಿರುವ ಇನ್ನೊಬ್ಬ ಮಾವ ಹಲಗೆಯ ಮೇಲೆ ಬಣ್ಣದ ಸನ್‌ಮೈಕಾ ಹಾಕಿಸು, ಮಕ್ಕಳಿಗೆ ಚೆಂದ ಅಂದಿದ್ದರು. ಹಾಕಿಸಲಿಲ್ಲ. ಮರ ಹಿಗ್ಗುತ್ತದೆ, ಸನ್‌ಮೈಕಾ ಅದರ ಜೊತೆ ಹಿಗ್ಗುವುದಿಲ್ಲ, ಅಂಚಿನಲ್ಲಿ ಏಳುತ್ತದೆ ಅಂತ ಆಚಾರ್ರು ಹೇಳಿದ್ದನ್ನು ಹಾಗೆಯೇ ಅವರಿಗೆ ದಾಟಿಸಿದೆ. ಮಾವ ಒಪ್ಪಿದರು. ಹತ್ತು ಕೈ ಸೇರಿದ ಕಡೆ ಹತ್ತು ಅಭಿಪ್ರಾಯ ಬರುತ್ತದೆ, ಅದು ಸಹಜ. ನಿರ್ಧಾರ ಮಾಡುವವರು ಇಬ್ಬರು ಅಂತ ಮೊದಲೇ ಹೇಳಿದ್ದೆವು, ಅಕ್ಕ ಮತ್ತು ಆಚಾರ್ರು. ಪುಟ್ಟಿಗೂ ಒಂದು ವಿಷಯ ಬಿಟ್ಟುಕೊಟ್ಟಿದ್ದೆವು. ಅವಳು ಕೇಳಿದ್ದು ಬೀಗ ಇರುವ ಡ್ರಾಯರ್. ಬೀಗದ ಕೈ ಒಂದೇ, ಅದು ಅವಳ ಹತ್ತಿರವೇ ಇರಬೇಕು. ಕೊಟ್ಟೆವು.

ಎಲ್ಲಕ್ಕಿಂತ ಕಷ್ಟವಾದದ್ದು ಹುಟ್ಟುಹಬ್ಬದ ದಿನ. ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಯಾರಿಗೂ ಆಗುವುದಿಲ್ಲ. ಹಾಕಿದ್ದು ಆನ್‌ಲೈನಲ್ಲಿ, ಜನವರಿಯಲ್ಲಿ. ಮೇ ತಿಂಗಳಲ್ಲಿ ಬಾಗಿಲು ದಾಟುವಾಗ ಕೈಯಲ್ಲಿ ಏನೂ ಇಲ್ಲ. ಅಜ್ಜನ ತಂಗಿಯಂತೂ, "ಮಗು ಓಡಿ ಬಂದು ಕೈ ನೋಡುತ್ತದೆ, ನಾನು ಎಂತ ಹೇಳಲಿ?" ಅಂತ ಕೇಳಿದರು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೊಡುವುದರ ಸುಖದಲ್ಲಿ ಅರ್ಧ ಇರುವುದು ಆ ಕೈಯಿಂದ ಈ ಕೈಗೆ ದಾಟುವುದರಲ್ಲಿ. ಅದನ್ನು ತೆಗೆದರೆ ಮುಂದಿನ ಸಲ ಯಾರೂ ಒಟ್ಟಿಗೆ ಸೇರುವುದಿಲ್ಲ. ಹಾಗಾಗಿ ತಿನ್ನುವುದನ್ನು ಏನಾದರೂ ತನ್ನಿ ಅಂದೆವು. ಇಟ್ಟುಕೊಳ್ಳುವಂಥದ್ದು ಬೇಡ, ಆ ದಿನವೇ ಮುಗಿಯುವಂಥದ್ದು. ಅಜ್ಜನ ತಂಗಿ ಕಾಯಿ ಹೋಳಿಗೆ ಮಾಡಿ ತಂದರು. ಅತ್ತೆ ಕಾಟು ಮಾವಿನಹಣ್ಣು. ಹಾಸ್ಟೆಲಿನ ಹುಡುಗ ಐಸ್‌ಕ್ರೀಮು. ಪುಟ್ಟಿ ಎಲ್ಲರ ಕೈಯಿಂದಲೂ ಒಂದೊಂದು ಇಸಿದುಕೊಂಡಳು.

ಮೇಜಿನ ಡ್ರಾಯರಿನೊಳಗೆ ಒಂದು ಕಾಗದ ಅಂಟಿಸಿದ್ದೇವೆ. ಒಂಬತ್ತು ಹೆಸರು, ಅಕ್ಷರದ ಕ್ರಮದಲ್ಲಿ, ಮೊತ್ತ ಇಲ್ಲದೆ. ಅವಳು ಅದನ್ನು ಓದಿ, "ಆಚಾರ್ರ ಹೆಸರು ಯಾಕಿಲ್ಲ?" ಅಂತ ಕೇಳಿದಳು. ಅವಳೇ ಪೆನ್ಸಿಲಿನಲ್ಲಿ ಕೆಳಗೆ ಸೇರಿಸಿದಳು.

ಈಗ ಒಂದು ಮಳೆಗಾಲ ಕಳೆದಿದೆ. ಡ್ರಾಯರ್ ಆಗಸ್ಟಿನಲ್ಲಿ ಬಿಗಿಯಾಯಿತು, ಆದರೆ ಬಂತು. ಹಲಗೆ ಸೀಳಲಿಲ್ಲ. ಕಿಟಕಿಯ ಕಡೆಯ ಒಂದು ಕಾಲಿನ ಬುಡದಲ್ಲಿ ಸ್ವಲ್ಪ ಬೂಷ್ಟು ಕಂಡಿತು. ಒರೆಸಿ, ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದ ಮೇಲೆ ಮತ್ತೆ ಬರಲಿಲ್ಲ. ಮುಂದಿನ ಸರದಿ ದುಬೈ ಮಾವನ ಮಗನದ್ದು. ಅವನಿಗೆ ಚೆಂಡೆ ಬೇಕಂತೆ. ದುಡ್ಡು ಒಟ್ಟು ಮಾಡುವುದು ಈ ಸಲ ಅತ್ತೆ. ಒಬ್ಬರಿಗೇ ಎಲ್ಲರ ಮೊತ್ತ ಗೊತ್ತಿರುವುದು ಒಳ್ಳೆಯದಲ್ಲ ಅಂತ ನಾನೇ ಅವರಿಗೆ ಬಿಟ್ಟುಕೊಟ್ಟೆ. ಮೊನ್ನೆ ನನಗೂ ಅವರ ಫೋನ್ ಬಂತು. "ನಿಮಗೆ ಆಗುವಷ್ಟು ಎಷ್ಟು ಅಂತ ನನಗೆ ಮಾತ್ರ ಹೇಳಿ" ಅಂದರು. ಹೇಳಿದೆ.